ಒಲೆ ಆರಿಸಿದ ಮೇಲೂ ಬೇಯುವ ಸಕ್ಕರೆ

ಪ್ರಶ್ನೆ: "ನಾನು ಬದಿಯಡ್ಕದ ಹತ್ತಿರದವಳು. ಮನೆಯಲ್ಲಿ ಆರು ಜನಕ್ಕೆ ಆಗುವಷ್ಟು ಕ್ಯಾರಮೆಲ್ ಪುಡ್ಡಿಂಗ್ ಮಾಡುತ್ತೇನೆ. ಅಲ್ಯೂಮಿನಿಯಂ ಡಬ್ಬಿಗೇ ಸಕ್ಕರೆ ಹಾಕಿ, ಇಕ್ಕಳದಲ್ಲಿ ಹಿಡಿದು ಗ್ಯಾಸಿನ ಮೇಲೆ ಕರಗಿಸುವುದು ನಮ್ಮ ಅತ್ತೆಯವರ ಕ್ರಮ. ಕೆಳಗಿಳಿಸುವಾಗ ಬಣ್ಣ ಸರಿಯಾಗಿಯೇ ಇರುತ್ತದೆ, ತಿನ್ನುವಾಗ ಮಾತ್ರ ಕಹಿ. ಹೆದರಿ ಬೇಗ ಇಳಿಸಿದರೆ ಬರೀ ಸಿಹಿ, ಪರಿಮಳವೇ ಇಲ್ಲ. ಒಮ್ಮೆ ನೀರು ಹಾಕಿ ಮಾಡಿದೆ, ಎಲ್ಲ ಬಿಳಿ ಹರಳಾಗಿ ಹೋಯಿತು. ಅತ್ತೆ ಸಕ್ಕರೆಯೇ ಸರಿ ಇಲ್ಲ ಎನ್ನುತ್ತಾರೆ, ನೆರೆಮನೆಯವರು ಹಬೆಯಲ್ಲಿ ಹೆಚ್ಚು ಹೊತ್ತು ಇಟ್ಟದ್ದರಿಂದ ಕಹಿ ಎನ್ನುತ್ತಾರೆ. ಉರಿ ಎಷ್ಟಿರಬೇಕು, ಯಾವ ಬಣ್ಣಕ್ಕೆ ನಿಲ್ಲಿಸಬೇಕು?"

ಉತ್ತರ: ಇಳಿಸುವಾಗ ಸರಿಯಾಗಿದ್ದ ಬಣ್ಣ ತಿನ್ನುವಾಗ ಕಹಿಯಾಗಬೇಕಾದರೆ, ನಡುವೆ ಎಲ್ಲೋ ಸಕ್ಕರೆ ಇನ್ನಷ್ಟು ಬೆಂದಿರಲೇಬೇಕು. ಅದು ಹಬೆಯಲ್ಲಿ ಆದುದಲ್ಲ. ಹಬೆಯ ಪಾತ್ರೆಯೊಳಗೆ ಶಾಖ 100 ಡಿಗ್ರಿಯ ಆಸುಪಾಸಿನಲ್ಲಿ ನಿಲ್ಲುತ್ತದೆ, ಸಕ್ಕರೆ ಕಂದಾಗಲು 160 ಡಿಗ್ರಿ ಸೆಲ್ಸಿಯಸ್ ದಾಟಬೇಕು. ಹಾಗಾಗಿ ಅಟ್ಟಿನಳಗೆಯಲ್ಲಿ ಒಂದು ಗಂಟೆ ಇಟ್ಟರೂ ತಳದ ಕ್ಯಾರಮೆಲ್ಲಿನ ಬಣ್ಣ ಒಂದಿಷ್ಟೂ ಏರುವುದಿಲ್ಲ. ಹೆಚ್ಚು ಹೊತ್ತು ಇಟ್ಟರೆ ಕೆಡುವುದು ಮೇಲಿನ ಮೊಟ್ಟೆ-ಹಾಲಿನ ಭಾಗ, ಅದು ತೂತುತೂತಾಗಿ ನೀರು ಬಿಡುತ್ತದೆ. ಸಕ್ಕರೆಯ ಮೇಲಿನ ದೂರೂ ನಿಲ್ಲುವುದಿಲ್ಲ. ಅಂಗಡಿಯ ಬಿಳಿ ಸಕ್ಕರೆ ಯಾವುದಾದರೂ ಈ ಕೆಲಸಕ್ಕೆ ಆಗುತ್ತದೆ. ದಪ್ಪ ಹರಳಿನದು ಕರಗಲು ಸ್ವಲ್ಪ ಹೆಚ್ಚು ಹೊತ್ತು ಬೇಡುತ್ತದೆ, ಮಳೆಗಾಲದಲ್ಲಿ ತೇವ ಹಿಡಿದು ಗಂಟುಕಟ್ಟಿದ್ದನ್ನು ಪುಡಿಮಾಡಿ ಹಾಕಬೇಕು, ಅಷ್ಟೇ. ಬೆಲ್ಲವನ್ನು ಮಾತ್ರ ಇದಕ್ಕೆ ಬಳಸಬೇಡಿ. ಅದು ಮೊದಲೇ ಕಂದಾಗಿರುವುದರಿಂದ ಬಣ್ಣ ನೋಡಿ ಹದ ಹಿಡಿಯುವ ದಾರಿಯೇ ಮುಚ್ಚಿಹೋಗುತ್ತದೆ, ಅಲ್ಲದೆ ಅದು ಸಕ್ಕರೆಗಿಂತ ಮೊದಲೇ ಸೀಯುತ್ತದೆ.

ಕಹಿ ಹುಟ್ಟಿದ್ದು ಒಲೆ ಆರಿಸಿದ ಅನಂತರದ ಅರ್ಧ ನಿಮಿಷದಲ್ಲಿ, ಆ ಡಬ್ಬಿಯೊಳಗೇ. ಉರಿಯಿಂದ ಇಳಿಸಿದೊಡನೆ ಸಕ್ಕರೆಯ ಶಾಖ ಇಳಿಯುವುದಿಲ್ಲ. ಪಾತ್ರೆಯ ತಳ ಸಕ್ಕರೆಗಿಂತ ಹೆಚ್ಚು ಬಿಸಿಯಾಗಿರುತ್ತದೆ, ಆ ಬಿಸಿ ಸಕ್ಕರೆಗೆ ಹತ್ತುತ್ತಲೇ ಇರುತ್ತದೆ. ನೀವು ಡಬ್ಬಿಯನ್ನು ಒಣ ಕಲ್ಲಿನ ಮೇಲೋ ಒಲೆಯ ಬಿಸಿ ಜಾಲರಿಯ ಮೇಲೋ ಇಟ್ಟು ಮೊಟ್ಟೆ ಒಡೆಯಲು ಹೋದರೆ, ಹಿಂದಿರುಗಿ ಬರುವಷ್ಟರಲ್ಲಿ ಅದು ಒಂದು ಹದ ಮುಂದೆ ಹೋಗಿರುತ್ತದೆ. ತೆಳುವಾಗಿ ಹರಡಿದ ಪದರ ಆ ಡಬ್ಬಿಯಲ್ಲಿ ನಿಜಕ್ಕಿಂತ ತಿಳಿಯಾಗಿ ಕಾಣುವುದರಿಂದ ಆದ ಬದಲಾವಣೆ ಕಣ್ಣಿಗೂ ಬೀಳುವುದಿಲ್ಲ.

ಇದನ್ನು ನಾನು ಕಲಿತದ್ದು ನಷ್ಟ ಮಾಡಿಕೊಂಡೇ. ಕೊಲ್ಲಿಯ ಒಂದು ಹೋಟೆಲಿನ ಸಿಹಿತಿಂಡಿ ವಿಭಾಗಕ್ಕೆ ಸೇರಿದ ಹೊಸತರಲ್ಲಿ, ಅರವತ್ತು ಬಟ್ಟಲಿಗೆ ಬೇಕಾದ ಕ್ಯಾರಮೆಲ್ಲನ್ನು ದಪ್ಪ ತಳದ ತಾಮ್ರದ ಪಾತ್ರೆಯಲ್ಲಿ ಮಾಡುತ್ತಿದ್ದೆ. ಬೇಕಾದ ಬಣ್ಣ ಬಂದಾಗ ಉರಿ ಆರಿಸಿ, ಬಟ್ಟಲುಗಳನ್ನು ಸಾಲಾಗಿ ಜೋಡಿಸಲು ತಿರುಗಿದೆ. ಮೊದಲ ಹತ್ತು ಬಟ್ಟಲಿಗೆ ಬಿದ್ದದ್ದು ಸರಿಯಾಗಿತ್ತು, ಇಪ್ಪತ್ತನೆಯದಕ್ಕೆ ಬರುವಾಗ ಕಡುಕಂದು, ಕೊನೆಯವು ಸೀದ ವಾಸನೆ. ಒಂದೇ ಪಾತ್ರೆ, ಒಂದೇ ಸಕ್ಕರೆ, ಒಲೆಯಲ್ಲಿ ಉರಿಯೇ ಇಲ್ಲ. ಆ ದಿನದಿಂದ ಬಟ್ಟಲು ಜೋಡಿಸಿ ಆಗದೆ ಸಕ್ಕರೆಯನ್ನು ಒಲೆಗೆ ಇಟ್ಟವನಲ್ಲ.

ಎಳೆಪಾಕ ಹಿಡಿದು ಪಳಗಿದವರಿಗೆ ಕ್ಯಾರಮೆಲ್ ಕೈಕೊಡುವುದಕ್ಕೆ ಇನ್ನೊಂದು ಕಾರಣವಿದೆ. ಎಳೆಪಾಕದಲ್ಲಿ ನಾವು ಅಳೆಯುವುದು ಸಕ್ಕರೆಯೊಳಗೆ ಉಳಿದ ನೀರನ್ನು. ಒಂದೆಳೆ, ಎರಡೆಳೆ, ಉಂಡೆಪಾಕ ಎಂದು ಮುಂದೆ ಹೋದಷ್ಟೂ ನೀರು ಕಡಿಮೆಯಾಗಿ ಶಾಖ ನಿಧಾನವಾಗಿ ಏರುತ್ತದೆ, ಒಂದು ಹದದಿಂದ ಇನ್ನೊಂದಕ್ಕೆ ಹೋಗಲು ಸಮಯ ಸಿಗುತ್ತದೆ. ನೀರು ಇರುವವರೆಗೆ ಒಲೆಯ ಬಿಸಿಯೆಲ್ಲ ಅದನ್ನು ಆವಿ ಮಾಡುವುದಕ್ಕೇ ಖರ್ಚಾಗುವುದರಿಂದ ನೀರೇ ಇಲ್ಲಿ ಕಡಿವಾಣ. ಸುಮಾರು 150 ಡಿಗ್ರಿಗೆ ಬರುವಾಗ ನೀರು ಬಹುತೇಕ ಮುಗಿದಿರುತ್ತದೆ. ಅಲ್ಲಿಂದ ಮುಂದೆ ಒಲೆಯ ಬಿಸಿ ಪೂರ್ತಿಯಾಗಿ ಸಕ್ಕರೆಯ ಶಾಖ ಏರಿಸುವುದಕ್ಕೇ ಹೋಗುತ್ತದೆ, ಶಾಖ ಏರಿದಷ್ಟೂ ಸಕ್ಕರೆ ಒಡೆಯುವ ವೇಗವೂ ಏರುತ್ತದೆ. ಆರೇಳು ನಿಮಿಷ ಏನೂ ಆಗದಂತೆ ಕುದಿಯುತ್ತಿದ್ದದ್ದು ಕೊನೆಯ ಒಂದು ನಿಮಿಷದಲ್ಲಿ ಓಡತೊಡಗುವುದು ಇದೇ ಕಾರಣಕ್ಕೆ. ಆ ಓಟದಲ್ಲಿ ಸಕ್ಕರೆ ಒಡೆದು, ತನ್ನೊಳಗಿನ ನೀರಿನ ಅಂಶವನ್ನು ಕಳೆದುಕೊಂಡು, ಪರಿಮಳ, ಬಣ್ಣ, ಸ್ವಲ್ಪ ಹುಳಿ, ಸ್ವಲ್ಪ ಕಹಿ ಇರುವ ಬೇರೆಯೇ ವಸ್ತುಗಳಾಗುತ್ತದೆ. ಸಿಹಿ ಅಷ್ಟರಮಟ್ಟಿಗೆ ಇಳಿಯುತ್ತದೆ. ಬೇಗ ಇಳಿಸಿದಾಗ ನಿಮಗೆ ಬರೀ ಸಿಹಿ ಸಿಕ್ಕಿದ್ದು ಇದರಿಂದಲೇ. ಸಕ್ಕರೆ ಕರಗಿತ್ತು, ಒಡೆದಿರಲಿಲ್ಲ.

ಬಣ್ಣದ ಹಂತಗಳನ್ನು ಮನೆಯಲ್ಲಿ ಕಾಣುವ ವಸ್ತುಗಳಿಗೆ ಹೋಲಿಸಿ ನೆನಪಿಟ್ಟುಕೊಳ್ಳುವುದು ಒಳ್ಳೆಯದು. ಮೊದಲು ಬರುವುದು ಒಣಗಿದ ಬೈಹುಲ್ಲಿನ ತಿಳಿಹಳದಿ, ಸುಮಾರು 165 ಡಿಗ್ರಿ. ಇಲ್ಲಿ ಪರಿಮಳ ಇನ್ನೂ ಹುಟ್ಟಿರುವುದಿಲ್ಲ. ಅನಂತರ ಜೇನಿನ ಬಣ್ಣ, ಸುಮಾರು 170. ಈಗ ಮೂಗಿಗೆ ಸಿಹಿಯಾದ ವಾಸನೆ ಬರತೊಡಗುತ್ತದೆ, ಗುಳ್ಳೆಗಳು ನೀರಿನ ಗುಳ್ಳೆಗಳಂತೆ ಪಟಪಟನೆ ಒಡೆಯುವುದು ನಿಂತು ದಪ್ಪಗೆ, ನಿಧಾನವಾಗಿ ಏಳುತ್ತವೆ. ಅದರ ಮುಂದಿನದು ಗಾಜಿನ ಲೋಟದಲ್ಲಿ ಹಾಲು ಹಾಕದ ಕಟ್ಟಂಚಾಯವನ್ನು ಬೆಳಕಿಗೆ ಹಿಡಿದಾಗ ಕಾಣುವ ಕೆಂಪುಕಂದು, ಸುಮಾರು 180. ಬೆಣ್ಣೆ ಕಾಯಿಸುವಾಗಿನ ಪರಿಮಳ, ಮೇಲೆ ನೂಲಿನಂತಹ ಒಂದೆರಡು ಎಳೆ ಹೊಗೆ. ಪುಡ್ಡಿಂಗಿಗೆ ಬೇಕಾದ ಹದ ಇದು. ಇದನ್ನೂ ದಾಟಿದರೆ ಕಾಫಿಯ ಡಿಕಾಕ್ಷನ್ನಿನ ಬಣ್ಣ, ಸುಮಾರು 190. ಸಣ್ಣ ನೊರೆ ಮೇಲೇಳುತ್ತದೆ, ಹೊಗೆ ಕಣ್ಣಿಗೆ ತಾಗುತ್ತದೆ. ಕಹಿಯನ್ನು ಇಷ್ಟಪಡುವವರು ಇಲ್ಲಿಯವರೆಗೂ ಹೋಗುತ್ತಾರೆ, ನಾನು ಹೋಗುವುದಿಲ್ಲ. 200 ದಾಟಿದ್ದು ಕರಿ, ಅದಕ್ಕೆ ಹಾಲು ಸುರಿದರೂ ಹೊಸ ಸಕ್ಕರೆ ಸೇರಿಸಿದರೂ ರಿಪೇರಿ ಇಲ್ಲ.

ಈ ಅಂಕಿಗಳನ್ನು ದಾರಿ ತಿಳಿಯಲು ಮಾತ್ರ ಕೊಟ್ಟಿದ್ದೇನೆ. ನೂರು ಗ್ರಾಂ ಸಕ್ಕರೆ ಪಾತ್ರೆಯ ತಳದಲ್ಲಿ ಅರ್ಧ ಬೆರಳು ಆಳವೂ ನಿಲ್ಲದಿರುವಾಗ ಥರ್ಮಾಮೀಟರಿನ ತುದಿ ಅದರಲ್ಲಿ ಮುಳುಗುವುದೇ ಇಲ್ಲ, ಅದು ತೋರಿಸುವುದು ಪಾತ್ರೆಯ ತಳದ ಬಿಸಿಯನ್ನೋ ಮೇಲಿನ ಗಾಳಿಯನ್ನೋ. ಇಷ್ಟು ಕಡಿಮೆ ಪ್ರಮಾಣಕ್ಕೆ ಕಣ್ಣು, ಮೂಗು ಮತ್ತು ಒಂದು ಬಿಳಿ ಪಿಂಗಾಣಿ ತಟ್ಟೆಯೇ ನಂಬಿಕೆಯ ಉಪಕರಣಗಳು. ಸ್ಟೀಲ್ ಚಮಚದ ತುದಿಯಿಂದ ಒಂದು ಹನಿಯನ್ನು ತಟ್ಟೆಗೆ ಬಿಡಿ. ನಿಜವಾದ ಬಣ್ಣ ಅಲ್ಲಿ ಕಾಣುತ್ತದೆ. ಕಪ್ಪು ನಾನ್‌ಸ್ಟಿಕ್ ಬಾಣಲೆಯಲ್ಲಿ ಮಾಡುವವರು ಇದನ್ನು ಬಿಡಲೇಬಾರದು, ಏಕೆಂದರೆ ಆ ಕಪ್ಪಿನ ಮೇಲೆ ಬೈಹುಲ್ಲಿನ ಬಣ್ಣವೂ ಡಿಕಾಕ್ಷನ್ನೂ ಒಂದೇ ರೀತಿ ಕಾಣುತ್ತವೆ.

ಈಗ ನಿಮ್ಮ ಅಳತೆಗೇ ಮಾಡಿ ನೋಡೋಣ. ಅರ್ಧ ಲೀಟರ್ ಹಾಲು, ನಾಲ್ಕು ಮೊಟ್ಟೆಯ ಪುಡ್ಡಿಂಗಿಗೆ ಸುಮಾರು ಏಳು ಇಂಚಿನ ಡಬ್ಬಿ ಎಂದಿಟ್ಟುಕೊಂಡರೆ ತಳಕ್ಕೆ 100 ಗ್ರಾಂ ಸಕ್ಕರೆ ಸಾಕು, ಎಂದರೆ 200 ಮಿಲಿಯ ಲೋಟದಲ್ಲಿ ಅರ್ಧಕ್ಕಿಂತ ತುಸು ಹೆಚ್ಚು. ಡಬ್ಬಿಯನ್ನು ಬದಿಗಿರಿಸಿ, ಒಳಗೆ ಹೊಳೆಯುವ, ತಳ ದಪ್ಪಗಿರುವ ಸಣ್ಣ ಸ್ಟೀಲ್ ಪಾತ್ರೆಯೊಂದನ್ನು ತೆಗೆದುಕೊಳ್ಳಿ. ಮೂರು ದೊಡ್ಡ ಚಮಚ ನೀರನ್ನು ಮೊದಲು ಹಾಕಿ, ನಡುಭಾಗಕ್ಕೆ ಸಕ್ಕರೆ ಸುರಿಯಿರಿ. ಪಾತ್ರೆಯ ಗೋಡೆಗೆ ಹರಳು ಸಿಡಿಯದಂತೆ ನೋಡಿಕೊಳ್ಳಿ. ಐದಾರು ಹನಿ ನಿಂಬೆರಸ ಸೇರಲಿ. ಸಣ್ಣ ಉರಿಯಲ್ಲಿ, ಸಕ್ಕರೆ ಪೂರ್ತಿ ಕರಗಿ ನೀರು ತಿಳಿಯಾಗುವವರೆಗೆ ಬೇಕಾದರೆ ಮೆಲ್ಲನೆ ಕೈಯಾಡಿಸಬಹುದು. ಕುದಿ ಬಂದ ಮೇಲೆ ಚಮಚವನ್ನು ಹೊರಗಿಡಿ.

ನಿಮ್ಮ ಬಿಳಿ ಹರಳಿನ ಕತೆ ಹುಟ್ಟಿದ್ದು ಈ ಜಾಗದಲ್ಲಿ. ಕುದಿಯುವ ಗಟ್ಟಿ ಪಾಕದಲ್ಲಿ ಸಕ್ಕರೆ ತನ್ನ ಮಿತಿಗಿಂತ ಹೆಚ್ಚು ಕರಗಿ ನಿಂತಿರುತ್ತದೆ, ಕರಗದ ಒಂದೇ ಒಂದು ಹರಳು ಅದರೊಳಗೆ ಬಿದ್ದರೂ ಅದನ್ನು ಹಿಡಿದುಕೊಂಡು ಉಳಿದದ್ದೆಲ್ಲ ಸರಸರನೆ ಹರಳುಗಟ್ಟುತ್ತದೆ. ಹೆಪ್ಪು ಹಾಕಿದಂತೆಯೇ. ಕುದಿಯುವಾಗ ಕೈಯಾಡಿಸಿದರೆ ಗೋಡೆಗೆ ಮೆತ್ತಿ ಒಣಗಿದ ಸಕ್ಕರೆ ಚಮಚದ ಮೂಲಕ ಒಳಗೆ ಬರುತ್ತದೆ. ನೀರು ಹಾಕಿದ್ದು ತಪ್ಪಲ್ಲ, ಕೈಯಾಡಿಸಿದ್ದು ತಪ್ಪಾಗಿರಬೇಕು. ಕುದಿ ಬಂದ ಮೊದಲ ಒಂದು ನಿಮಿಷ ಪಾತ್ರೆಗೆ ಮುಚ್ಚಳ ಹಾಕಿದರೆ ಆವಿಯೇ ಗೋಡೆಯನ್ನು ತೊಳೆದು ಹರಳುಗಳನ್ನು ಕೆಳಗಿಳಿಸುತ್ತದೆ. ನಿಂಬೆಯ ಹುಳಿ ಸಕ್ಕರೆಯ ಒಂದು ಪಾಲನ್ನು ಎರಡು ಸರಳ ಸಕ್ಕರೆಗಳಾಗಿ ಒಡೆಯುತ್ತದೆ, ಆ ಬೆರಕೆಯ ನಡುವೆ ಹರಳು ಕಟ್ಟುವುದು ಕಷ್ಟ. ಆದರೆ ಹಾಗೆ ಒಡೆದ ಸಕ್ಕರೆ ಬೇಗ ಕಂದಾಗುವ ಜಾತಿಯದು, ಆದ್ದರಿಂದ ಹನಿಗಳನ್ನು ಚಮಚಕ್ಕೆ ಏರಿಸಬೇಡಿ. ಇಷ್ಟಾಗಿಯೂ ಹರಳುಗಟ್ಟಿದರೆ ಎಸೆಯುವ ಅಗತ್ಯವಿಲ್ಲ: ಮತ್ತೆ ಮೂರು ಚಮಚ ನೀರು ಹಾಕಿ, ಸಣ್ಣ ಉರಿಯಲ್ಲಿ ಪೂರ್ತಿ ಕರಗಿಸಿ, ಮೊದಲಿನಿಂದ ಹೊರಡಿ.

ಕರಗಿದ ಮೇಲೆ ಉರಿ ಮಧ್ಯಮಕ್ಕೆ ಬರಲಿ, ಜ್ವಾಲೆ ಪಾತ್ರೆಯ ತಳದ ಅಂಚನ್ನು ದಾಟಿ ಬದಿಗೆ ನೆಕ್ಕಬಾರದು. ನೆಕ್ಕಿದರೆ ಅಂಚಿನ ಸಕ್ಕರೆ ಸೀದು ನಡುವಿನದು ಬಿಳಿಯಾಗಿಯೇ ಇರುತ್ತದೆ. ಅತಿ ಸಣ್ಣ ಉರಿಯಲ್ಲಿ ಮಾಡಿದರೆ ಕಹಿಯಾಗುವುದೇ ಇಲ್ಲ ಎಂಬ ನಂಬಿಕೆ ಅರ್ಧ ಮಾತ್ರ ಸರಿ. ಸಣ್ಣ ಉರಿ ನಿಮಗೆ ಹೆಚ್ಚು ಸಮಯ ಕೊಡುತ್ತದೆ, ಅಷ್ಟೇ. ಕೊನೆಗೆ ಕಟ್ಟಂಚಾಯ ದಾಟಿದರೆ ಸಣ್ಣ ಉರಿಯಲ್ಲಿ ಸೀದದ್ದೂ ಕಹಿಯೇ. ನನ್ನ ಅಡುಗೆಮನೆಯ ಮಾಮೂಲಿ ಗ್ಯಾಸಿನಲ್ಲಿ ಇಷ್ಟು ಸಕ್ಕರೆಗೆ ಕುದಿ ಬಂದಲ್ಲಿಂದ ಬೈಹುಲ್ಲಿನ ಬಣ್ಣಕ್ಕೆ ಆರೇಳು ನಿಮಿಷ ಬೇಕು, ಅಲ್ಲಿಂದ ಕಟ್ಟಂಚಾಯಕ್ಕೆ ಒಂದು ನಿಮಿಷದ ಆಚೀಚೆ, ಅಲ್ಲಿಂದ ಕರಿಗೆ ಅರ್ಧ ನಿಮಿಷವೂ ಬೇಡ. ಬೈಹುಲ್ಲಿನ ಬಣ್ಣ ಒಂದು ಮೂಲೆಯಲ್ಲಿ ಕಂಡ ಕೂಡಲೇ ಉರಿಯನ್ನು ಸಣ್ಣದು ಮಾಡಿ, ಪಾತ್ರೆಯ ಹಿಡಿಯನ್ನು ಹಿಡಿದು ಮೆಲ್ಲನೆ ತಿರುಗಿಸುತ್ತ ಬಣ್ಣವನ್ನು ಸಮನಾಗಿಸಿ. ಈ ಹೊತ್ತಿಗೆ ಫೋನು ಬಡಿದರೆ ಬಡಿಯುತ್ತಿರಲಿ.

ಜೇನಿನ ಬಣ್ಣ ಪೂರ್ತಿ ಬಂದು, ತಟ್ಟೆಯ ಹನಿಯಲ್ಲಿ ಕೆಂಪಿನ ಸುಳಿವು ಕಾಣುವಾಗ ಒಲೆ ಆರಿಸಿ. ಬೇಕಾದ ಬಣ್ಣ ಬಂದ ಮೇಲೆ ಆರಿಸುವುದಲ್ಲ, ಅದಕ್ಕೆ ಒಂದು ಹದ ಮೊದಲು. ಉಳಿದ ದಾರಿಯನ್ನು ಪಾತ್ರೆಯ ಬಿಸಿಯೇ ನಡೆಸುತ್ತದೆ. ಪಾತ್ರೆಯನ್ನು ಬಿಸಿ ಜಾಲರಿಯಿಂದ ಎತ್ತಿ ಕೈಯಲ್ಲಿ ತಿರುಗಿಸುತ್ತಿದ್ದರೆ ಹದಿನೈದು ಇಪ್ಪತ್ತು ಸೆಕೆಂಡುಗಳಲ್ಲಿ ಅದು ಕಟ್ಟಂಚಾಯಕ್ಕೆ ಬರುವುದನ್ನು ಕಣ್ಣಾರೆ ನೋಡಬಹುದು. ಬಾರದೆ ನಿಂತರೆ ಚಿಂತೆಯಿಲ್ಲ, ಐದು ಸೆಕೆಂಡು ಮತ್ತೆ ಉರಿಗೆ ಹಿಡಿಯಿರಿ. ಕಡಿಮೆಯಾದದ್ದನ್ನು ಸರಿಪಡಿಸಬಹುದು, ಹೆಚ್ಚಾದದ್ದನ್ನು ಆಗದು.

ಬಂದ ಬಣ್ಣವನ್ನು ಅಲ್ಲಿಯೇ ಕಟ್ಟಿಹಾಕುವುದಕ್ಕೆ ಮೂರು ದಾರಿಗಳಿವೆ. ಸುಲಭದ್ದು ತಕ್ಷಣ ಡಬ್ಬಿಗೆ ಸುರಿಯುವುದು. ತೆಳು ಅಲ್ಯೂಮಿನಿಯಂ ಸಕ್ಕರೆಯ ಬಿಸಿಯನ್ನು ಹೀರಿಕೊಂಡು ಬೇಯುವುದನ್ನು ತಾನೇ ನಿಲ್ಲಿಸುತ್ತದೆ. ಡಬ್ಬಿ ಪೂರ್ತಿ ಒಣಗಿರಬೇಕು, ಒಂದು ಹನಿ ನೀರಿದ್ದರೂ ಸಿಡಿಯುತ್ತದೆ. ತೀರಾ ತಣ್ಣಗಿದ್ದರೆ ತಳಕ್ಕೆ ಹರಡುವ ಮೊದಲೇ ಗಟ್ಟಿಯಾಗುವುದರಿಂದ ಬಿಸಿಲಲ್ಲೋ ಒಲೆಯ ಪಕ್ಕದಲ್ಲೋ ಇಟ್ಟು ಉಗುರುಬೆಚ್ಚಗೆ ಮಾಡಿಕೊಳ್ಳಿ. ಎರಡನೆಯದು ಪಾತ್ರೆಯ ತಳವನ್ನು ಅಗಲ ಬೋಗುಣಿಯ ನೀರಿನಲ್ಲಿ ಎರಡು ಮೂರು ಸೆಕೆಂಡು ತಾಗಿಸುವುದು. ನನ್ನ ತಾಮ್ರದ ಪಾತ್ರೆಗೆ ಬೇಕಾಗಿದ್ದದ್ದು ಇದು. ತಳ ದಪ್ಪವಿದ್ದು ಸಕ್ಕರೆ ಹೆಚ್ಚಿರುವಾಗ ಇದಕ್ಕೆ ಸಾಟಿಯಿಲ್ಲ, ಆದರೆ ಬುಸ್ಸೆಂದು ಹಬೆ ಏಳುತ್ತದೆ, ಹೊರಗಿನ ನೀರು ಒಳಗೆ ಸಿಡಿಯಬಾರದು, ಗಾಜಿನ ಪಾತ್ರೆಯನ್ನು ಹೀಗೆ ತಾಗಿಸಿದರೆ ಸೀಳುತ್ತದೆ.

ಮೂರನೆಯದು ಕ್ಯಾರಮೆಲ್ಲಿಗೇ ಒಂದು ದೊಡ್ಡ ಚಮಚ ಕುದಿನೀರು ಹಾಕುವುದು. ಬೇಯುವುದು ಅದೇ ಕ್ಷಣಕ್ಕೆ ನಿಲ್ಲುತ್ತದೆ, ಕ್ಯಾರಮೆಲ್ ಕಲ್ಲಿನಂತೆ ಗಟ್ಟಿಯಾಗದೆ ಪುಡ್ಡಿಂಗ್ ಮಗುಚಿದಾಗ ಚೆನ್ನಾಗಿ ಹರಿಯುತ್ತದೆ. ಅಪಾಯವೂ ಇದರಲ್ಲೇ ಹೆಚ್ಚು. 180 ಡಿಗ್ರಿಯ ಸಕ್ಕರೆಗೆ ಬಿದ್ದ ನೀರು ಕ್ಷಣದಲ್ಲಿ ಆವಿಯಾಗಿ ಸಕ್ಕರೆಯನ್ನೂ ಹೊತ್ತು ಸಿಡಿಯುತ್ತದೆ, ಮತ್ತು ಸಕ್ಕರೆಯ ಸುಟ್ಟಗಾಯ ಬಿಸಿನೀರಿನದ್ದರಂತಲ್ಲ, ಅದು ಚರ್ಮಕ್ಕೆ ಅಂಟಿಕೊಂಡು ಸುಡುತ್ತಲೇ ಇರುತ್ತದೆ. ಉದ್ದ ಹಿಡಿಯ ಸೌಟಿನಿಂದ, ಮುಖ ದೂರವಿಟ್ಟು ಹಾಕಿ. ತಣ್ಣೀರು ಹಾಕಿದರೆ ಸಿಡಿತ ಇನ್ನೂ ಜೋರು, ಜೊತೆಗೆ ಗಂಟೂ ಕಟ್ಟುತ್ತದೆ. ಯಾವ ದಾರಿ ಹಿಡಿದರೂ ಪಕ್ಕದಲ್ಲಿ ಒಂದು ಪಾತ್ರೆ ತಣ್ಣೀರು ಇರಲಿ. ಕೈಗೆ ಬಿದ್ದರೆ ಒರೆಸಲು ಹೋಗದೆ ಮೊದಲು ಅದರಲ್ಲಿ ಮುಳುಗಿಸಿ, ಅನಂತರ ನಲ್ಲಿಯ ಹರಿಯುವ ನೀರಿಗೆ ಹಿಡಿಯಿರಿ. ಮಕ್ಕಳಿರುವ ಅಡುಗೆಮನೆಗೆ ನಾನು ಮೊದಲ ದಾರಿಯನ್ನೇ ಹೇಳುವುದು.

ಅತ್ತೆಯವರ ಕ್ರಮವನ್ನು ಬಿಡಲು ಮನಸ್ಸಿಲ್ಲದಿದ್ದರೆ ಅದನ್ನೂ ಉಳಿಸಿಕೊಳ್ಳಬಹುದು. ಡಬ್ಬಿಯಲ್ಲೇ ಒಣಸಕ್ಕರೆ ಕರಗಿಸುವುದರ ತೊಡಕು ಏನೆಂದರೆ, ತೆಳು ತಳ ಜ್ವಾಲೆ ತಾಗಿದಲ್ಲೆಲ್ಲ ಬೇಗ ಕಾಯುತ್ತದೆ, ಒಂದು ಮೂಲೆ ಕಂದಾಗುವಾಗ ಇನ್ನೊಂದು ಮೂಲೆಯ ಸಕ್ಕರೆ ಕರಗಿರುವುದೇ ಇಲ್ಲ. ಅಲ್ಲದೆ ಬಿಸಿಯಾದ ಡಬ್ಬಿಯೇ ಕೊನೆಯ ಪಾತ್ರೆಯಾದ್ದರಿಂದ ತಪ್ಪಿಸಿಕೊಳ್ಳಲು ಸಕ್ಕರೆಗೆ ಬೇರೆ ಜಾಗವಿಲ್ಲ. ಸಕ್ಕರೆಯನ್ನು ಒಮ್ಮೆಗೇ ಸುರಿಯದೆ ಎರಡು ಚಮಚ ಕರಗಿದ ಮೇಲೆ ಮತ್ತೆರಡು ಎಂಬಂತೆ ಹಾಕಿ, ಡಬ್ಬಿಯನ್ನು ಸಣ್ಣ ಉರಿಯಿಂದ ನಾಲ್ಕು ಬೆರಳು ಮೇಲೆ ಹಿಡಿದು ತಿರುಗಿಸುತ್ತಿರಿ. ಜೇನಿನ ಬಣ್ಣಕ್ಕೇ ಇಳಿಸಿ, ನಾಲ್ಕು ಮಡಿಕೆ ಮಾಡಿದ ಒದ್ದೆ ಬಟ್ಟೆಯ ಮೇಲೆ ಇಡಿ. ಚುರ್ ಎಂಬ ಸದ್ದು ನಿಂತರೆ ಬೇಯುವುದೂ ನಿಂತಂತೆ. ನಿಮ್ಮ ಮನೆಯಲ್ಲಿ ಇಷ್ಟು ದಿನ ಇಲ್ಲದಿದ್ದದ್ದು ಬಹುಶಃ ಆ ಒದ್ದೆ ಬಟ್ಟೆ ಒಂದೇ.

ಸುರಿದ ಕ್ಯಾರಮೆಲ್ ತಣ್ಣಗಾಗುತ್ತ ಟಿಕ್ ಟಿಕ್ ಎಂದು ಬಿರುಕುಬಿಟ್ಟರೆ ಗಾಬರಿಪಡಬೇಡಿ, ಗಾಜಿನಂತಾದ ಸಕ್ಕರೆಯ ಸ್ವಭಾವ ಅದು. ಮೊಟ್ಟೆ-ಹಾಲನ್ನು ಅದು ಗಟ್ಟಿಯಾದ ಮೇಲೆಯೇ ಸುರಿಯಬೇಕು, ಇಲ್ಲದಿದ್ದರೆ ಎರಡೂ ಬೆರೆತು ಪುಡ್ಡಿಂಗಿನ ತಳ ಕಂದುಕಂದಾಗುತ್ತದೆ. ಕುದಿನೀರು ಸೇರಿಸಿದ ಕ್ಯಾರಮೆಲ್ ಗಟ್ಟಿಯಾಗದು. ಅದನ್ನು ಪೂರ್ತಿ ತಣಿಸಿ, ಹಾಲನ್ನು ಸೌಟಿನ ಬೆನ್ನಿನ ಮೇಲೆ ಮೆಲ್ಲಗೆ ಬಿಡಿ. ಮಳೆಗಾಲದಲ್ಲಿ ಡಬ್ಬಿಯನ್ನು ಹಾಗೇ ತೆರೆದಿಟ್ಟು ಗಂಟೆಗಟ್ಟಲೆ ಬಿಟ್ಟರೆ ಗಾಳಿಯ ತೇವವನ್ನು ಹೀರಿ ಮೇಲ್ಮೈ ಜಿಗುಟಾಗುತ್ತದೆ. ಪುಡ್ಡಿಂಗಿಗೆ ಅದರಿಂದ ಹಾನಿಯಿಲ್ಲ. ಅಲಂಕಾರಕ್ಕೆಂದು ಮಾಡಿದ ಕ್ಯಾರಮೆಲ್ ಚೂರುಗಳು ಮಾತ್ರ ಕಾಸರಗೋಡಿನ ಜೂನ್ ತಿಂಗಳಿನಲ್ಲಿ ಸಂಜೆಯೊಳಗೆ ನೀರಾಗುತ್ತವೆ, ಬಿಗಿ ಮುಚ್ಚಳದ ಡಬ್ಬಿಯಲ್ಲಿ ಇಟ್ಟರಷ್ಟೇ ಉಳಿಯುತ್ತವೆ.

ಬೆಂದ ಪುಡ್ಡಿಂಗನ್ನು ಫ್ರಿಜ್ಜಿನಲ್ಲಿ ಒಂದು ರಾತ್ರಿ ಇಟ್ಟು ಮರುದಿನ ಮಗುಚಿ. ತಳದ ಗಟ್ಟಿ ಕ್ಯಾರಮೆಲ್ ಪುಡ್ಡಿಂಗಿನಿಂದಲೇ ನೀರನ್ನು ಎಳೆದುಕೊಂಡು ರಸವಾಗುತ್ತದೆ, ಅದಕ್ಕೆ ಆರೇಳು ಗಂಟೆಯಾದರೂ ಬೇಕು. ಮಗುಚಿದ ಮೇಲೂ ಡಬ್ಬಿಯ ತಳದಲ್ಲಿ ಒಂದು ಪದರ ಅಂಟಿಕೊಂಡೇ ಇದ್ದರೆ ಎರಡು ಚಮಚ ನೀರು ಹಾಕಿ ಸಣ್ಣ ಉರಿಯಲ್ಲಿ ಒಂದು ನಿಮಿಷ ಕರಗಿಸಿ, ಆರಿದ ಮೇಲೆ ಪುಡ್ಡಿಂಗಿನ ಮೇಲೆಯೇ ಸುರಿದುಬಿಡಿ.